ಐನೂರು ಸಾವಿರ ರೂಪಾಯಿ ಮಾತ್ರ

ಬಸವೇಶ್ವರನಗರದಲ್ಲಿರುವ ಅಕ್ಕನ ಮನೆಯ ಕೆಳಗೆ ಒಂದು ಮಳಿಗೆ ಇದೆ. ಅದು ಖಾಲಿಯಾದ ವಾರದಲ್ಲೇ ಕಾಂಡಿಮೆಂಟ್ಸ್ ಇಡುತ್ತೇನೆಂದು ಒಬ್ಬರು ಬಂದರು. ಬಾಡಿಗೆ ಕರಾರನ್ನು ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರಿನ ಟೈಪಿಸ್ಟ್ ಹತ್ತಿರ ಮಾಡಿಸಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ತಾನೇ ಬರೆಯುತ್ತೇನೆಂದು ಹಟ ಹಿಡಿದ. ಅದೂ ಕನ್ನಡದಲ್ಲಿ. ಮೊದಲು ಇಂಗ್ಲಿಷಿನಲ್ಲಿ ಬರೆದುಕೊಂಡು ಒಂದೊಂದೇ ಪದವನ್ನು ಕನ್ನಡಕ್ಕೆ ಇಳಿಸಿದ. ಮುಂಗಡದ ಕಲಮಿನಲ್ಲಿ ಅಂಕಿ ಇರಲಿಲ್ಲ, ಬರೀ ಅಕ್ಷರ: “ಐನೂರು ಸಾವಿರ ರೂಪಾಯಿ ಮಾತ್ರ.”

ಬಾಡಿಗೆಗೆ ಬರುವವರು ಕನ್ನಡಕ ಏರಿಸಿಕೊಂಡು ಓದಿದರು. ಮತ್ತೊಮ್ಮೆ ಓದಿದರು. “ಐನೂರಾ, ಸಾವಿರಾ ಸಾರ್? ಎರಡರಲ್ಲಿ ಯಾವುದಾದ್ರೂ ಸರಿ, ಈಗ್ಲೇ ಕೊಟ್ಬಿಡ್ತೀನಿ” ಎಂದು ಜೇಬಿಗೆ ಕೈ ಹಾಕಿದರು. ಅಕ್ಕನ ಮುಖ ನೋಡಬೇಕಿತ್ತು. ಮಾತಾಗಿದ್ದದ್ದು ಐದು ಲಕ್ಷಕ್ಕೆ.

ಅವರು ಓದಿದ್ದರಲ್ಲಿ ತಪ್ಪೇನೂ ಇಲ್ಲ. ಕನ್ನಡದಲ್ಲಿ ಎರಡು ಸಂಖ್ಯೆಗಳನ್ನು ಬರಿದೇ ಅಕ್ಕಪಕ್ಕ ಇಟ್ಟರೆ ಅದು ಅಂದಾಜಿನ ಲೆಕ್ಕ. ನಾಲ್ಕೈದು ಜನ, ಹತ್ತಿಪ್ಪತ್ತು ಮನೆ, ನೂರಿನ್ನೂರು ಖರ್ಚು. ಐನೂರು ಸಾವಿರ ಎಂದರೂ ಹಾಗೆಯೇ: ಐನೂರೋ ಸಾವಿರವೋ, ಅದರ ಆಸುಪಾಸು. ಜೊತೆಗೆ, ನಮ್ಮ ಎಣಿಕೆಯಲ್ಲಿ ಸಾವಿರದ ಹಿಂದೆ ಗುಣಿಸಲು ನಿಲ್ಲುವ ಸಂಖ್ಯೆ ತೊಂಬತ್ತೊಂಬತ್ತಕ್ಕೆ ಮುಗಿಯುತ್ತದೆ. ನೂರು ಸಾವಿರವಾದ ತಕ್ಷಣ ಅದಕ್ಕೆ ಲಕ್ಷ ಎಂಬ ಬೇರೆ ಹೆಸರು. ಲಕ್ಷಕ್ಕೂ ಇದೇ ಕಟ್ಟು: ನೂರು ಲಕ್ಷವಾದರೆ ಕೋಟಿ. ಇಂಗ್ಲಿಷಿಗೆ ಲಕ್ಷವಿಲ್ಲ, ಹಾಗಾಗಿ ಅದು ಒಂಬೈನೂರ ತೊಂಬತ್ತೊಂಬತ್ತು ಸಾವಿರದವರೆಗೂ ಎಳೆದುಕೊಂಡು ಹೋಗುತ್ತದೆ. ಅಂಕಿಯಲ್ಲಿ ಇದರಿಂದ ಬದಲಾಗುವುದು ಅಲ್ಪವಿರಾಮದ ಜಾಗ ಅಷ್ಟೆ: 500,000 ಹೋಗಿ 5,00,000 ಆಗುತ್ತದೆ. ಅಕ್ಷರದಲ್ಲಿ ಮಾತ್ರ ಮುಂಗಡವೇ ಹಾರಿಹೋಗುತ್ತದೆ.

ಇದು ಇತ್ತೀಚಿನ ರೂಢಿಯೂ ಅಲ್ಲ. ಇವತ್ತಿನ ಬೆಂಗಳೂರು ಇರುವ ನೆಲ ಒಂದು ಕಾಲಕ್ಕೆ ಗಂಗವಾಡಿ ತೊಂಬತ್ತಾರು ಸಾವಿರಕ್ಕೆ ಸೇರಿತ್ತು. ಶಾಸನಗಳಲ್ಲಿ ನಾಡಿನ ಹೆಸರಿಗೆ ಸಂಖ್ಯೆ ಅಂಟಿಕೊಂಡೇ ಬರುತ್ತದೆ: ನೊಳಂಬವಾಡಿ ಮೂವತ್ತೆರಡು ಸಾವಿರ, ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು. ಆ ಸಂಖ್ಯೆ ಹಳ್ಳಿಗಳದೋ, ಆದಾಯದ್ದೋ ಎಂದು ವಿದ್ವಾಂಸರು ಜಗಳವಾಡಿಕೊಳ್ಳಲಿ. ನನಗೆ ಖುಷಿ ಕೊಡುವುದು ಬೇರೆ ಸಂಗತಿ. ಇವುಗಳಲ್ಲಿ ಅತಿ ದೊಡ್ಡದಾದ ಗಂಗವಾಡಿ ತೊಂಬತ್ತಾರಕ್ಕೆ ನಿಂತಿದೆ, ಗೆರೆಯ ಒಳಗೇ. ಚೋಳರ ಶಾಸನಗಳು ರಟ್ಟಪಾಡಿಯನ್ನು ಹೆಸರಿಸುವಾಗ ಆ ಗೆರೆ ದಾಟುತ್ತದೆ, ಆಗ ಅದು ಏಳೂವರೆ ಲಕ್ಷದ ನಾಡು. ಏಳುನೂರ ಐವತ್ತು ಸಾವಿರದ್ದಲ್ಲ. ಸಾವಿರ ವರ್ಷದ ಹಿಂದೆಯೇ ತೀರ್ಮಾನವಾಗಿದ್ದ ವಿಷಯ ನ್ಯೂಜೆರ್ಸಿಗೆ ಇನ್ನೂ ತಲುಪಿಲ್ಲ.

ಅಂದಾಜಿನ ಈ ಚಟವಿರುವ ಭಾಷೆ ಖಚಿತವಾದ ಮೊತ್ತವನ್ನು ಹೇಗೆ ಹೇಳುತ್ತದೆ? ಒಂದು ಪುಟ್ಟ ಕೊಂಡಿಯಿಂದ. ನೂರು ಎಂಬುದು ನೂರ ಆಗುತ್ತದೆ, ಸಾವಿರ ಸಾವಿರದ ಆಗುತ್ತದೆ, ಲಕ್ಷ ಲಕ್ಷದ, ಕೋಟಿ ಕೋಟಿಯ. “ನೂರು, ಐವತ್ತು” ಎಂದರೆ ಎರಡು ನೋಟು. “ನೂರ ಐವತ್ತು” ಎಂದರೆ ಒಂದೇ ಮೊತ್ತ. ಸಾವಿರದ ಎಂದು ಕಿವಿಗೆ ಬಿದ್ದ ಕೂಡಲೇ ಕೇಳುವವನಿಗೆ ಇನ್ನೂ ಬಾಕಿ ಇದೆ ಎಂದು ಗೊತ್ತಾಗುತ್ತದೆ. ಕೊಂಡಿಯಿಲ್ಲದೆ ಸಾವಿರ ಎಂದರೆ ಲೆಕ್ಕ ಅಲ್ಲಿಗೆ ಮುಗಿಯಿತು.

ನಮ್ಮ ತಂದೆ ರಾಜಾಜಿನಗರದ ಮನೆಯ ಊಟದ ಮೇಜಿನ ಮೇಲೆ ಚೆಕ್ ಬರೆಯುವುದನ್ನು ನೋಡಿಯೇ ಇದನ್ನೆಲ್ಲ ಕಲಿತೆ. ಅವರು ಅಂಕಿಯನ್ನೂ ಕನ್ನಡದಲ್ಲೇ ಬರೆಯುತ್ತಿದ್ದರು. ಒಮ್ಮೆ ಮನೆ ರಿಪೇರಿಯ ಮೇಸ್ತ್ರಿಗೆ ೧,೦೯,೬೫೦ ರೂಪಾಯಿಯ ಚೆಕ್ ಕೊಡಬೇಕಿತ್ತು. ಮೊದಲು ಬಲಗಡೆಯಿಂದ ಮೂರು ಅಂಕಿ ಬಿಟ್ಟು ಒಂದು ಗೆರೆ, ಅಲ್ಲಿಂದ ಎರಡಕ್ಕೊಂದು ಗೆರೆ. ಒಂದು, ಸೊನ್ನೆ ಒಂಬತ್ತು, ಆರುನೂರ ಐವತ್ತು. ಎಡದ ಮನೆಯ ಆಚೆ ಇನ್ನೂ ಹಣವಿದೆ, ಆದ್ದರಿಂದ ಒಂದು ಲಕ್ಷದ. ಸಾವಿರದ ಮನೆಯಲ್ಲಿ ಮುಂದಿನ ಸೊನ್ನೆಗೆ ಮಾತಿಲ್ಲ, ಒಂಬತ್ತು ಸಾವಿರದ. ಆಮೇಲೆ ಆರುನೂರ ಐವತ್ತು. ಎಲ್ಲ ಸೇರಿ “ಒಂದು ಲಕ್ಷದ ಒಂಬತ್ತು ಸಾವಿರದ ಆರುನೂರ ಐವತ್ತು ರೂಪಾಯಿ ಮಾತ್ರ”. ನಡುವಿನ ಮನೆ ಪೂರ್ತಿ ಸೊನ್ನೆಯಾಗಿದ್ದರೆ ಅದನ್ನು ಹಾರಿಸಿ ಕೊಂಡಿಯನ್ನು ಮುಂದಕ್ಕೆ ಎಳೆಯುವುದು: ೧,೦೦,೦೫೦ ಎಂದರೆ ಒಂದು ಲಕ್ಷದ ಐವತ್ತು.

ಚೆಕ್ಕಿನಲ್ಲಿ ರೂಪಾಯಿ ಎಂಬ ಪದ ಹಿಂದಿ, ಇಂಗ್ಲಿಷಿನಲ್ಲಿ ಗೆರೆಯ ಮೊದಲಿಗೇ ಅಚ್ಚಾಗಿರುತ್ತದೆ. ಕನ್ನಡದಲ್ಲಿ ರೂಪಾಯಿ ಬರುವುದು ಕೊನೆಗೆ. ತಂದೆ ಅಚ್ಚಾದದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕೊನೆಯಲ್ಲಿ ಇನ್ನೊಂದು ರೂಪಾಯಿ ಬರೆಯುತ್ತಿದ್ದರು. ‘ಮಾತ್ರ’ ಆದ ಮೇಲೆ ಗೆರೆಯ ತುದಿಯವರೆಗೆ ಒಂದು ಉದ್ದ ಗೀಟು. ಆದರೆ ಅವರ ಕಣ್ಣು ಇರುತ್ತಿದ್ದದ್ದು ಬಲತುದಿಗಿಂತ ಹೆಚ್ಚಾಗಿ ಎಡತುದಿಯ ಮೇಲೆ. “ಸಾವಿರದ ಇನ್ನೂರು ಅಂತ ಶುರು ಮಾಡಿದ್ರೆ ಹಿಂದುಗಡೆ ಯಾರು ಬೇಕಾದ್ರೂ ‘ಹತ್ತು’ ಸೇರಿಸ್ತಾರೆ ಕಣೋ. ‘ಒಂದು’ ಅಂತ ಬರಿ. ಆ ಒಂದರ ಹಿಂದೇನೂ ‘ಇಪ್ಪತ್ತ’ ನುಗ್ಗಬಾರದು, ಗೆರೆಗೆ ಅಂಟಿಸಿ ಬರಿ” ಎನ್ನುತ್ತಿದ್ದರು. ಮೇಸ್ತ್ರಿ ಅಂಥವನಲ್ಲ ಎಂದರೆ, “ಮೇಸ್ತ್ರಿ ಅಲ್ಲ, ದಾರೀಲಿ ಸಿಗೋರು” ಎನ್ನುವುದು ಅವರ ಉತ್ತರ.

ಕೌಂಟರಿನಲ್ಲಿ ಒಮ್ಮೊಮ್ಮೆ ರಗಳೆ ಆಗುತ್ತಿತ್ತು. “ಇಂಗ್ಲಿಷಲ್ಲಿ ಬರ್ಕೊಂಡ್ ಬನ್ನಿ ಸಾರ್” ಎಂದು ಚೆಕ್ಕನ್ನು ಹಿಂದಕ್ಕೆ ತಳ್ಳುತ್ತಿದ್ದರು. ರಿಸರ್ವ್ ಬ್ಯಾಂಕಿನ ಸೂಚನೆ ಸ್ಪಷ್ಟವಾಗಿದೆ: ಚೆಕ್ಕಿನ ನಮೂನೆ ಹಿಂದಿ, ಇಂಗ್ಲಿಷಿನಲ್ಲಿ ಅಚ್ಚಾಗಿರಬೇಕು, ಗ್ರಾಹಕರು ಮಾತ್ರ ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ತುಂಬಬಹುದು. ತಂದೆ ಇದನ್ನು ಬಾಯಿಪಾಠ ಒಪ್ಪಿಸಿ, ಕೆಲಸ ಆಗುವವರೆಗೂ ಕದಲುತ್ತಿರಲಿಲ್ಲ.

ಕೌಂಟರಿನವರ ಪರವಾಗಿಯೂ ಒಂದು ಮಾತು ಹೇಳಬೇಕು. ಕನ್ನಡದ ೧ ಬಾಯಿ ತೆರೆದ ಸೊನ್ನೆ. ಶಾಯಿ ಸ್ವಲ್ಪ ಹರಡಿದರೆ ಬಾಯಿ ಮುಚ್ಚಿ ೦ ಆಗಿಬಿಡುತ್ತದೆ. ಅವಸರದ ಕೈಬರಹದಲ್ಲಿ ೬ ಮತ್ತು ೯ ಒಂದರಂತೆ ಇನ್ನೊಂದು ಕಾಣುತ್ತವೆ. ಮೇಸ್ತ್ರಿಯ ಚೆಕ್ಕಿನಲ್ಲಿ ಎರಡೂ ಇದ್ದವು. ಒಂದರ ಜಾಗದಲ್ಲಿ ಇನ್ನೊಂದನ್ನು ಓದಿದರೆ ಮೊತ್ತ 1,06,950. ಇಂಥಲ್ಲಿ ದಾರಿ ತೋರಿಸುವುದು ಅಕ್ಷರದ ಸಾಲು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಮು ಹೇಳುವುದೂ ಇದನ್ನೇ: ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ. ಕಾಯ್ದೆ ಹಾಗಿದ್ದರೂ ಬ್ಯಾಂಕುಗಳು ಸಾಮಾನ್ಯವಾಗಿ ಅಷ್ಟು ತಲೆ ಕೆಡಿಸಿಕೊಳ್ಳದೆ, ಎರಡರಲ್ಲಿ ವ್ಯತ್ಯಾಸವಿದೆ ಎಂದು ಚೀಟಿ ಹಚ್ಚಿ ಚೆಕ್ಕನ್ನು ವಾಪಸು ಕಳಿಸುತ್ತವೆ. ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡುವ ಹಳೆಯ ಉಪಾಯವೂ ಈಗ ನಡೆಯದು. ಚೆಕ್ಕಿನ ಬದಲು ಅದರ ಚಿತ್ರ ಓಡಾಡುವ ಪದ್ಧತಿ ಬಂದ ಮೇಲೆ ತಾರೀಖಿನ ವಿಷಯ ಬಿಟ್ಟು ಬೇರೆ ಯಾವ ತಿದ್ದುಪಡಿಗೂ ಅವಕಾಶವಿಲ್ಲ. ಕೊಂಡಿ ತಪ್ಪಿದರೆ ಹೊಸ ಹಾಳೆ.

ಈ ಕಾನೂನಿನ ಬುದ್ಧಿಯನ್ನು ಬ್ರಿಟಿಷರು ನಮಗೆ ಕಲಿಸಿದರು ಎಂದು ಯಾರಾದರೂ ಹೇಳಿದರೆ ನಾನು ಇಕ್ಕೇರಿಯ ಕಡೆ ಕೈ ತೋರಿಸುತ್ತೇನೆ. ವಿಜಯನಗರದ ಕಾಲದ, ಕೆಳದಿ ನಾಯಕರ ಕಾಲದ ದಾನಪತ್ರಗಳಲ್ಲಿ ಹಣದ ಬಾಬತ್ತು ಬಂದಾಗ ಮೊದಲು ‘ಗ’ ಎಂಬ ಗುರುತು, ಅದರ ಮುಂದೆ ಅಂಕಿ, ಆಮೇಲೆ ‘ಅಕ್ಷರದಲು’ ಎಂದು ಬರೆದು ಅದೇ ಮೊತ್ತ ಮಾತಿನಲ್ಲಿ: ಇಷ್ಟು ವರಹ. ಅಂಚು ಚಕ್ಕೆ ಎದ್ದ ಅಂಕಿಯನ್ನು ಯಾರು ಹೇಗೆ ಬೇಕಾದರೂ ಓದಬಹುದು, ಹನ್ನೆರಡು ಎಂಬ ಪದವನ್ನು ಇಪ್ಪತ್ತೆಂದು ಓದುವುದು ಕಷ್ಟ. ಕಡತದ ವಿಷಯವಂತೂ ಇನ್ನೂ ನಾಜೂಕು. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುವ ಲೆಕ್ಕದ ಪುಸ್ತಕ ಅದು. ಬೇಡವೆಂದರೆ ಒರೆಸಿ ಮತ್ತೆ ಬರೆಯಬಹುದು. ಒರೆಸಿದರೆ ಹೋಗುವ ಪುಸ್ತಕದಲ್ಲಿ ಊರಿನ ಕಂದಾಯವನ್ನೆಲ್ಲ ಇಟ್ಟುಕೊಂಡಿದ್ದ ಶಾನುಭೋಗರ ಧೈರ್ಯಕ್ಕೆ ನಮೋ ಎನ್ನಬೇಕು. ತಂದೆಗೆ ಇದನ್ನು ಹೇಳಿದಾಗ ಅವರು ನಕ್ಕು, “ಅದು ಧೈರ್ಯ ಅಲ್ಲ, ಅನುಕೂಲ” ಎಂದರು.

ಸೋದರಳಿಯನ ಕರಾರಿನಲ್ಲಿ ಇನ್ನೊಂದು ಕಲಮು: ಬಾಡಿಗೆಯನ್ನು “ಪ್ರತಿ ತಿಂಗಳ ಮೊದಲನೇ ತಾರೀಖು” ಕೊಡತಕ್ಕದ್ದು. ಅರ್ಥಕ್ಕೇನೂ ಕೊರತೆಯಿಲ್ಲ, ಆದರೆ ಸಂಬಳ ಎಣಿಸಿದವರು ಯಾರೂ ಹಾಗೆ ಹೇಳುವುದಿಲ್ಲ. ಮೊದಲನೇ ಮಗ, ಮೊದಲನೇ ಕಂತು ಸರಿ. ತಾರೀಖು, ಕ್ಲಾಸು ಮಾತ್ರ ಒಂದನೇದೇ. ಈ ‘ನೇ’ ವಿಷಯದಲ್ಲಿ ಕನ್ನಡ ಧಾರಾಳಿ. ಇಂಗ್ಲಿಷಿನಲ್ಲಿ ಅಂಕಿಗೆ ತಕ್ಕಂತೆ ನಾಲ್ಕು ಬಗೆಯ ಬಾಲ, ನಮಗೆ ಎಲ್ಲದಕ್ಕೂ ಒಂದೇ. ಪತ್ರದ ಭಾಷೆ ಬೇಕೆಂದರೆ ‘ನೆಯ’ ಎಂದು ಬರೆಯಬಹುದು, ಒಂದೇ ಕಾಗದದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು. ಆದರೆ ಬಾಲ ಬಿಡುವಂತಿಲ್ಲ. 3ನೇ ಹಂತ, 4ನೇ ಬ್ಲಾಕ್, 8ನೇ ಅಡ್ಡರಸ್ತೆ ಎಂದರೆ ವಿಳಾಸ. 3 ಹಂತ, 4 ಬ್ಲಾಕ್, 8 ಅಡ್ಡರಸ್ತೆ ಎಂದರೆ ಇಡೀ ಬಡಾವಣೆಯನ್ನೇ ಬಾಡಿಗೆಗೆ ಕೊಟ್ಟ ಹಾಗೆ. ಅಂಕಿಗೂ ‘ನೇ’ಗೂ ನಡುವೆ ಜಾಗ ಬಿಟ್ಟರೆ ಸಾಲಿನ ಕೊನೆಯಲ್ಲಿ 8 ಉಳಿದು, ಮುಂದಿನ ಸಾಲು ‘ನೇ’ಯಿಂದ ಶುರುವಾಗುತ್ತದೆ. ಅವನ ಕರಾರಿನಲ್ಲಿ ಹಾಗೂ ಆಗಿತ್ತು. ಅವನ್ನೆಲ್ಲ ತಿದ್ದಿ, ‘ಐದು ಲಕ್ಷ ರೂಪಾಯಿ ಮಾತ್ರ’ ಎಂದು ಬರೆಸಿ, ಪಕ್ಕಕ್ಕೆ ಅಂಕಿಯನ್ನೂ ಹಾಕಿಸಿದೆವು.

ಚೆಕ್ ಪುಸ್ತಕ ಈಗ ಅಪರೂಪ. ಬರೆದರೂ 50,000 ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಮೊತ್ತವನ್ನು ಬ್ಯಾಂಕಿಗೆ ಮುಂಚಿತವಾಗಿ ತಿಳಿಸುವ ಏರ್ಪಾಡು 2021ರಿಂದ ಇದೆ, ಆ ವಿವರವನ್ನು ಫೋನಿನಲ್ಲಿ ಒತ್ತುವುದು ಅಂಕಿಯಲ್ಲೇ. ಅಕ್ಷರದ ಕಾಲ ಮುಗಿಯಿತು ಅಂದುಕೊಂಡು ವಿಜಯನಗರದ ಮಾರುಕಟ್ಟೆಗೆ ಸೊಪ್ಪಿಗೆ ಹೋದರೆ ಅಲ್ಲಿ ಬೇರೆಯದೇ ನಡೆಯುತ್ತಿದೆ. ಗಿರಾಕಿ ಫೋನಿನ ಪರದೆ ಮುಂದೆ ಹಿಡಿದು ಅಂಕಿ ತೋರಿಸುತ್ತಾನೆ, ಸೊಪ್ಪಿನಮ್ಮ ಕಣ್ಣೆತ್ತಿಯೂ ನೋಡುವುದಿಲ್ಲ. ತಕ್ಕಡಿಯ ಪಕ್ಕದ ಪೆಟ್ಟಿಗೆ ಕನ್ನಡದಲ್ಲಿ ಮೊತ್ತ ಕೂಗುವವರೆಗೂ ಚೀಲ ಅವರ ಕೈಯಲ್ಲೇ. “ತೋರ್ಸೋದೆಲ್ಲ ಬ್ಯಾಡ ಸ್ವಾಮಿ, ಅದು ಹೇಳ್ಲಿ” ಎನ್ನುತ್ತಾರೆ. 18ನೇ ಕಲಮನ್ನು ಇದಕ್ಕಿಂತ ಚೆನ್ನಾಗಿ ನಡೆಸುವ ಶಾಖೆಯನ್ನು ನಾನಂತೂ ಕಂಡಿಲ್ಲ.