ಹೆಸರು ಬೀಳೋ ಮುಂಚೆ

ಸಿನಿಮಾಕ್ಕೆ ಹೊರಡುವ ದಿನ ನಮ್ಮ ಮನೆಯಲ್ಲಿ ಒಂದು ಜಗಳ ಖಾಯಂ. "ಆರೂವರೆ ಆಟಕ್ಕೆ ಐದಕ್ಕೇ ಚಪ್ಪಲಿ ಮೆಟ್ಟಿಕೊಂಡು ನಿಂತರೆ ಹೇಗ್ರೀ? ಮೊದಲು ಬರೀ ಹೆಸರು ತಾನೆ ಬೀಳೋದು?" ಎಂದು ನನ್ನಾಕೆ ಕನ್ನಡಿಯ ಮುಂದಿನಿಂದಲೇ ಕೂಗುತ್ತಾಳೆ. ನಾನು ಹೋಗುವುದೇ ಹೆಸರು ಬೀಳುವುದನ್ನು ನೋಡಲಿಕ್ಕೆ, ಉಳಿದ ಎರಡೂವರೆ ಗಂಟೆ ಕೂರುವುದು ಅವಳ ದಾಕ್ಷಿಣ್ಯಕ್ಕೆ. ಈ ಸತ್ಯವನ್ನು ಮದುವೆಯಾದಾಗಿನಿಂದ ಗಂಟಲಲ್ಲೇ ಇಟ್ಟುಕೊಂಡಿದ್ದೇನೆ.

ಟೆಂಟು ಸಿನಿಮಾದಲ್ಲಿ ಮರಳಿನ ಮೇಲೆ ಕೂತು ಬೆಳೆದವನು ನಾನು. ದಾರಿಯಲ್ಲಿ ಯಾರಾದರೂ ಎದುರಾದರೆ ಕೇಳುವ ಮೊದಲ ಮಾತು "ಹೆಸರು ಬಿದ್ವಾ?" ಎಂದು. ಬಿದ್ದಿದ್ದರೆ ಓಟ, ಇಲ್ಲದಿದ್ದರೆ ಕಡಲೆಕಾಯಿ. ಒಳಗೆ ಹೊಕ್ಕು, ಅಕ್ಷರದ ಮೈಕಟ್ಟು ನೋಡಿದರೆ ಸಾಕು, ಇವತ್ತು ಏನು ಕಾದಿದೆ ಎಂದು ಗೊತ್ತಾಗುತ್ತಿತ್ತು. ಅಕ್ಷರಕ್ಕೆ ಹೂಬಳ್ಳಿ ಸುತ್ತಿದ್ದರೆ ಭಕ್ತಿ, ಕಲ್ಲಿನಲ್ಲಿ ಬಿರುಕು ಬಿಟ್ಟಂತಿದ್ದರೆ ಹೊಡೆದಾಟ, ಕೆಳಗೆ ಕೆಂಪು ಸೋರುತ್ತಿದ್ದರೆ ದೆವ್ವ. ಸಂಗೀತವೂ ಅದಕ್ಕೆ ತಕ್ಕ ಸಾಕ್ಷಿ ಹೇಳುತ್ತಿತ್ತು. ಕಥೆ ಶುರುವಾಗುವ ಮೊದಲೇ ನಿರ್ಮಾಪಕ ನಮಗೆ ಬರೆದುಕೊಟ್ಟ ಕರಾರುಪತ್ರ ಅದು. ಕೆಂಪು ಸೋರಿಸಿ ಆಮೇಲೆ ದೆವ್ವ ತೋರಿಸದಿದ್ದರೆ ಟೆಂಟಿನ ಜನ ಸುಮ್ಮನೆ ಬಿಡುತ್ತಿರಲಿಲ್ಲ.

ಈ ಕರಾರನ್ನು ಯಾರೂ ಓದದ ಕಾಲವೂ ಒಂದಿತ್ತು. ಅಮೆರಿಕದ ಎಷ್ಟೋ ಚಿತ್ರಮಂದಿರಗಳಲ್ಲಿ ಹೆಸರುಗಳನ್ನು ಮುಚ್ಚಿದ ಪರದೆಯ ಮೇಲೇ ಬಿಟ್ಟು, ಕಥೆ ಶುರುವಾಗುವಾಗ ಪರದೆ ಸರಿಸುತ್ತಿದ್ದರಂತೆ. ಮದುವೆಮನೆಯಲ್ಲಿ ಮಂತ್ರ ಹೇಳುವಾಗ ನಾವು ಮಾತಾಡಿಕೊಂಡು ಕೂರುವ ಹಾಗೆ. 1955ರಲ್ಲಿ ಆಟೋ ಪ್ರೆಮಿಂಜರ್ ಎಂಬ ನಿರ್ದೇಶಕ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್' ಚಿತ್ರದ ಡಬ್ಬಿಗಳ ಜೊತೆ ಒಂದು ಚೀಟಿ ಕಳಿಸಿದ: ಹೆಸರು ಬೀಳುವ ಮೊದಲೇ ಪರದೆ ಸರಿಸಿ. ಆ ಹೆಸರುಗಳನ್ನು ರೂಪಿಸಿದವನು ಸಾಲ್ ಬಾಸ್. ಕಪ್ಪು ಹಿನ್ನೆಲೆಯಲ್ಲಿ ಕೆಲವು ಬಿಳಿ ಪಟ್ಟಿಗಳು, ಕೊನೆಗೆ ಕಾಗದ ಹರಿದು ಮಾಡಿದಂಥ ಒಂದು ಸೊಟ್ಟ ಕೈ, ಅಷ್ಟೇ. ಮಾದಕವಸ್ತುವಿಗೆ ಸಿಕ್ಕಿಬಿದ್ದವನ ಕಥೆಗೆ ಆ ಒಂದು ಕೈ ಸಾಕಾಗಿತ್ತು.

ಅದೇ ಬಾಸ್ 1960ರಲ್ಲಿ ಹಿಚ್‌ಕಾಕನ 'ಸೈಕೋ'ಗೆ ಮಾಡಿದ ಹೆಸರುಪಟ್ಟಿಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ರಕ್ತವಿಲ್ಲ, ಚಾಕುವಿಲ್ಲ, ಮುಖ ಕೂಡ ಇಲ್ಲ. ಬೂದು ಪಟ್ಟಿಗಳು ಅಡ್ಡಡ್ಡವಾಗಿ ನುಗ್ಗುತ್ತವೆ, ಒಂದಕ್ಕೊಂದು ತಾಳಮೇಳವಿಲ್ಲದೆ. ಅವುಗಳ ಜೊತೆ ಬಿಳಿ ಅಕ್ಷರಗಳ ಚೂರುಗಳೂ ಬರುತ್ತವೆ. ಈಳಿಗೆಯಲ್ಲಿ ಅಡ್ಡಕ್ಕೆ ಹೆಚ್ಚಿಟ್ಟ ಹಾಗಿರುವ ಆ ಚೂರುಗಳು ಒಂದು ಕ್ಷಣ ಸರಿಯಾಗಿ ಕೂಡಿ ಹೆಸರಾಗುತ್ತವೆ, ಓದಿ ಮುಗಿಸುವಷ್ಟರಲ್ಲಿ ಮತ್ತೆ ಬಿಡಿಬಿಡಿ. ಚಿತ್ರದ ಹೆಸರಂತೂ ಒಡೆದು, ಪದರಗಳು ಅತ್ತಿತ್ತ ಜಾರಿ, ನಿಂತಲ್ಲಿ ನಿಲ್ಲಲಾರದೆ ನಡುಗುತ್ತದೆ. ಇದು ಒಡೆದ ಮನಸ್ಸಿನ ಕಥೆ ಎಂದು ಅಕ್ಷರಗಳೇ ಹೇಳಿಬಿಟ್ಟಿವೆ. ನಮಗೆ ಮಾತ್ರ ಅದು ತಿಳಿಯುವುದು ಕೊನೆಗೆ.

ಇನ್ನು ಸಂಗೀತ. ಬರ್ನಾರ್ಡ್ ಹರ್ಮನ್ ಈ ಚಿತ್ರಕ್ಕೆ ಬರೀ ತಂತಿವಾದ್ಯಗಳನ್ನು ಇಟ್ಟುಕೊಂಡ: ಪಿಟೀಲು ಮತ್ತು ಅದರ ಬಳಗದ ದೊಡ್ಡ ವಾದ್ಯಗಳು. ತಮಟೆಯಿಲ್ಲ, ಕಹಳೆಯಿಲ್ಲ. ಕಪ್ಪು ಬಿಳುಪಿನ ಚಿತ್ರಕ್ಕೆ ಕಪ್ಪು ಬಿಳುಪಿನದೇ ಸಂಗೀತ. ಇದರ ಜಾಣತನ ಕಾಣಬೇಕಾದರೆ ಕಥೆಯ ಲೆಕ್ಕ ನೋಡಬೇಕು. ಮೊದಲ ಮುಕ್ಕಾಲು ಗಂಟೆ ಆ ಚಿತ್ರದಲ್ಲಿ ಭಯಪಡುವಂಥದ್ದು ಹೆಚ್ಚೇನೂ ನಡೆಯುವುದಿಲ್ಲ. ಒಬ್ಬ ಹೆಂಗಸು ಕಚೇರಿಯ 40,000 ಡಾಲರ್ ಎತ್ತಿಕೊಂಡು ಕಾರು ಓಡಿಸಿಕೊಂಡು ಹೋಗುತ್ತಾಳೆ, ಮಳೆ ಬರುತ್ತದೆ, ವೈಪರ್ ಆಡುತ್ತದೆ. ಧ್ವನಿ ಮುಚ್ಚಿ ನೋಡಿ, ತವರಿಗೆ ಹೊರಟವಳಂತೆ ಕಾಣುತ್ತಾಳೆ. ಆದರೆ ಹರ್ಮನ್ ಅಲ್ಲಿಗೆ ಮತ್ತೆ ತಂದು ಹಾಕಿರುವುದು ಹೆಸರು ಬೀಳುವಾಗ ಕೇಳಿದ ಅದೇ ಸಂಗೀತವನ್ನು. ಕೇಳಿದೊಡನೆ ಚೂರಾದ ಅಕ್ಷರಗಳು ನೆನಪಾಗಿ ಎದೆ ಡವಗುಟ್ಟುತ್ತದೆ. ಮೊದಲ ಎರಡು ನಿಮಿಷದಲ್ಲಿ ಕೊಟ್ಟ ಮಾತನ್ನು ನಡುನಡುವೆ ಜ್ಞಾಪಿಸಿ, ಸಾಲಗಾರನ ಹಾಗೆ "ಕೊಡ್ತೀನಿ, ಕೊಡ್ತೀನಿ" ಎನ್ನುತ್ತ ನಮ್ಮನ್ನು ಕುರ್ಚಿಯಲ್ಲೇ ಕೂರಿಸಿ, ಕೊನೆಗೆ ಸ್ನಾನದ ಮನೆಯಲ್ಲಿ ಬಡ್ಡಿ ಸಮೇತ ತೀರಿಸುತ್ತಾನೆ.

ಇದಕ್ಕೆ ತೀರ ವಿರುದ್ಧವಾದ ಮಾತು ಕೊಟ್ಟದ್ದು ನಮ್ಮ ಶಂಕರನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್'. ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಪದಗಳಿಲ್ಲದ ಆ ಗುನುಗು. ಪದವಿಲ್ಲದ್ದೇ ಅದರ ಗುಟ್ಟು ಎಂದು ನನ್ನ ಗುಮಾನಿ. ಕೆಲಸ ಮಾಡುತ್ತ ತನ್ನ ಪಾಡಿಗೆ ತಾನು ಹಾಡಿಕೊಳ್ಳುವವನ ಗುನುಗು ಅದು. ಇಲ್ಲಿ ಪ್ರಪಂಚ ಮುಳುಗುವುದಿಲ್ಲ, ಹೆಚ್ಚೆಂದರೆ ಒಬ್ಬ ಹುಡುಗ ಶಾಲೆ ತಪ್ಪಿಸಿಕೊಂಡಾನು, ನೀವು ಕಾಫಿ ಲೋಟ ಹಿಡಿದುಕೊಂಡೇ ಬನ್ನಿ ಎಂಬಂತಿತ್ತು. ಪಕ್ಕದ ಮನೆಯ ಟೀವಿಯಿಂದ ಅದು ಕೇಳಿಸಿದರೆ ನಾವು ಕಾಂಪೌಂಡು ಹಾರುತ್ತಿದ್ದೆವು.

ಸಾಲ್ ಬಾಸನ ಕೈಗೆ ಕನ್ನಡ ಅಕ್ಷರ ಕೊಟ್ಟಿದ್ದರೆ ಏನು ಮಾಡುತ್ತಿದ್ದ ಎಂದು ನಾನು ಆಗಾಗ ಯೋಚಿಸುವುದುಂಟು. ಇಂಗ್ಲಿಷಿನ ದೊಡ್ಡಕ್ಷರಗಳು ಕವಾಯತಿಗೆ ನಿಂತ ಪೊಲೀಸರಂತೆ ಒಂದೇ ಎತ್ತರ, ಎಲ್ಲಿ ಅಡ್ಡ ಕೊಯ್ದರೂ ಗುರುತು ಸಿಗುತ್ತವೆ. ನಮ್ಮವು ಮೂರಂತಸ್ತಿನ ಮನೆಗಳು. 'ಸ್ತ್ರೀ' ಎಂದು ಬರೆಯಿರಿ: ಮಹಡಿಯಲ್ಲಿ ಗುಣಿತ, ನಡುಮನೆಯಲ್ಲಿ ಸಕಾರ, ನೆಲಮಾಳಿಗೆಯಲ್ಲಿ ತಾವತ್ತು, ಅದರ ಬಗಲಿಗೇ ರಾವತ್ತು. ಮೇಲಾಗಿ ದುಂಡು ದುಂಡಗೆ, ಹೋಳಿಗೆ ತಿಂದು ಬೆಳೆದಂಥ ಮೈ. ಇವುಗಳಿಂದ ಹೆದರಿಸುವುದು ಹೇಗೆ? ಅದಕ್ಕೇ ನಮ್ಮ ಕಲಾವಿದರು ತಲೆಕಟ್ಟನ್ನು ಚೂಪು ಮಾಡಿ ಮಚ್ಚಿನ ಹಾಗೆ ಎಳೆಯುವುದು. ಇನ್ನೊಂದು ಗಂಡಾಂತರ ಕೆಳಗಡೆ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸೀಳು. ಅದನ್ನು ತಪ್ಪಿ ಕೊಯ್ದರೆ ಧನ ದನವಾಗುತ್ತದೆ.

ಇದು ಬರೀ ತಮಾಷೆಯಲ್ಲ ಎಂದು ತಿಳಿದದ್ದು ನನ್ನ ತಂಗಿಯ ಮಗನಿಂದ. ಅವನು ಸಂಕಲನದ ಕೋಣೆಯಲ್ಲಿ ಕೆಲಸ ಮಾಡುವವನು. ಒಂದು ರಾತ್ರಿ ಊಟಕ್ಕೆ ಬಂದವನು ಸಾರನ್ನವನ್ನು ಕಲಸಿಯೇ ಕಲಸುತ್ತಿದ್ದ. ಏನೋ ಎಂದರೆ, "ಕೊನೇ ಪಟ್ಟಿ ಮಾವ, ಅಲ್ಲಾಡ್ತಿದೆ" ಎಂದ. ಚಿತ್ರ ಮುಗಿದ ಮೇಲೆ ಕೆಳಗಿನಿಂದ ಮೇಲಕ್ಕೆ ಹರಿಯುವ ಹೆಸರುಗಳ ವಿಷಯ.

ಊಟದೆಲೆಯ ಪಕ್ಕದಲ್ಲೇ ಲೆಕ್ಕ ಹಾಕಿ ತೋರಿಸಿದ. ಪರದೆಯ ಎತ್ತರ 1080 ಚುಕ್ಕಿ, ಅಂದರೆ ಪಿಕ್ಸೆಲ್. ಸೆಕೆಂಡಿಗೆ 24 ಚೌಕಟ್ಟು. ಪಟ್ಟಿಯಲ್ಲಿ 160 ಸಾಲು, ಸಾಲಿಗೆ 54 ಚುಕ್ಕಿ ಜಾಗ. ಪಟ್ಟಿಯ ಉದ್ದಕ್ಕೆ ಪರದೆಯ ಎತ್ತರವನ್ನೂ ಕೂಡಿಸಿದರೆ 9720 ಚುಕ್ಕಿಯ ಪ್ರಯಾಣ. ಅವನು ಮೊದಲು ಚೌಕಟ್ಟಿಗೆ 3 ಚುಕ್ಕಿಯಂತೆ ಓಡಿಸಿದ್ದ, 135 ಸೆಕೆಂಡು ಹಿಡಿಯಿತು. ನಿರ್ಮಾಪಕರು ಗಡಿಯಾರ ನೋಡಿ, "ಜನ ಎದ್ದು ಹೋಗಿರ್ತಾರೆ, ತೊಂಬತ್ತಕ್ಕೆ ಮುಗಿಸು" ಎಂದರು. ತೊಂಬತ್ತಕ್ಕೆ ಮುಗಿಸಲು ಚೌಕಟ್ಟಿಗೆ ನಾಲ್ಕೂವರೆ ಚುಕ್ಕಿ ಓಡಬೇಕು.

"ಓಡಿಸು, ಅದಕ್ಕೇನು?" ಎಂದೆ.

"ಅರ್ಧ ಚುಕ್ಕಿ ಅನ್ನೋದು ಪರದೆ ಮೇಲೆ ಇಲ್ಲ ಮಾವ. ಒಂದು ಚೌಕಟ್ಟಲ್ಲಿ ಅಕ್ಷರ ಸರಿಯಾಗಿ ಗೆರೆ ಮೇಲೆ ಕೂರತ್ತೆ, ಮುಂದಿನದರಲ್ಲಿ ಎರಡು ಗೆರೆ ಮಧ್ಯೆ ಸಿಕ್ಕಿಹಾಕಿಕೊಂಡು ಮಸುಕಾಗತ್ತೆ. ಒಮ್ಮೆ ಚೊಕ್ಕ, ಒಮ್ಮೆ ಮಸುಕು. ಸೆಕೆಂಡಿಗೆ ಹನ್ನೆರಡು ಸಲ."

ಸಣ್ಣ ಗೆರೆಗಳಿಗೇ ಈ ಪೆಟ್ಟು ಜಾಸ್ತಿಯಂತೆ. ದಪ್ಪ ಮೈ ಹೇಗೋ ತಡೆದುಕೊಳ್ಳುತ್ತದೆ, ಬುಡದ ಸೀಳು ಮಿನುಗಿ ಮಿನುಗಿ ಮಾಯವಾಗುತ್ತದೆ. ಪಟ್ಟಿಯ ಕೊನೆಯಲ್ಲಿದ್ದ 'ಧನಸಹಾಯ' ಎಂಬ ಶೀರ್ಷಿಕೆ ದನಸಹಾಯವಾಗಿ, ಮತ್ತೆ ಧನಸಹಾಯವಾಗಿ, ಹೀಗೇ ಮೇಲೇರುತ್ತಿತ್ತು. ನನ್ನಾಕೆ ನಕ್ಕು ಮಜ್ಜಿಗೆ ಚೆಲ್ಲಿದಳು. ಹುಡುಗ ನಗಲಿಲ್ಲ.

ಹಾಗಾದರೆ ಚೌಕಟ್ಟಿಗೆ 4 ಚುಕ್ಕಿಯೇ ಇಟ್ಟುಕೊಂಡು ಸಾಲುಗಳನ್ನು ಒತ್ತಿದರೆ? ಅದನ್ನೂ ಮಾಡಿದ್ದನಂತೆ. ಸಾಲಿಗೆ 47 ಚುಕ್ಕಿ ಬಂತು. ಇಂಗ್ಲಿಷಿಗೆ ಧಾರಾಳವಾಗಿ ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತದ ನೆತ್ತಿಗೆ ಬಡಿಯಿತು. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟ ಪದ 'ಕೃತಜ್ಞತೆಗಳು'. ನಮ್ಮಲ್ಲಿ ಉಪಕಾರ ನೆನೆಯುವುದಕ್ಕೇ ಕೆಳಗೆ ಜಾಗ ಬೇಕು.

"ಸಾಲು ಕಡಿಮೆ ಮಾಡೋದೊಂದೇ ದಾರಿ," ಎಂದ. "160 ಇರೋದು 140 ಆಗಬೇಕು. ಯಾರನ್ನ ತೆಗೀಲಿ? ಲೈಟ್‌ಬಾಯ್‌ಗಳನ್ನ ತೆಗೆದುಬಿಡು ಅಂತಾರೆ."

ನನ್ನಾಕೆ ಆಗ ಒಂದು ಮಾತು ಆಡಿದಳು. ಹೆಸರುಪಟ್ಟಿಯ ಬಗ್ಗೆ ಅವಳು ಆಡಿದ ಒಂದೇ ಒಳ್ಳೆಯ ಮಾತು. "ಮದುವೆ ಮನೇಲಿ ಜಾಗ ಸಾಲದಿದ್ರೆ ಬಂದವರನ್ನ ವಾಪಸ್ ಕಳಿಸ್ತೀವೇನೋ? ಒತ್ತೊತ್ತಾಗಿ ಎರಡು ಪಂಕ್ತಿ ಹಾಕಲ್ವಾ?"

ಹುಡುಗ ಎಲೆ ಬಿಟ್ಟು ಎದ್ದ. ನಲವತ್ತು ಸಾಲಿನಲ್ಲಿ ಒಬ್ಬೊಬ್ಬರಾಗಿ ನಿಂತಿದ್ದ ಲೈಟ್‌ನವರು, ಅಡುಗೆಯವರು, ಚಾಲಕರು ಇಬ್ಬಿಬ್ಬರಾಗಿ ಇಪ್ಪತ್ತು ಸಾಲಿನಲ್ಲಿ ಅಡಗಿದರು. 140 ಸಾಲು, ಸಾಲಿಗೆ 54 ಚುಕ್ಕಿ, ಚೌಕಟ್ಟಿಗೆ ನಾಲ್ಕೇ ನಾಲ್ಕು. ಲೆಕ್ಕ ಸರಿಯಾಗಿ ತೊಂಬತ್ತು ಸೆಕೆಂಡಿಗೆ ಕೂತಿತು. ಯಾರೂ ಊಟವಿಲ್ಲದೆ ಹೋಗಲಿಲ್ಲ.

ಚಿತ್ರ ಬಿಡುಗಡೆಯಾದಾಗ ಇಬ್ಬರೂ ಹೋದೆವು. ಕಥೆಯೇನೆಂದು ಕೇಳಬೇಡಿ. ಆರಂಭದ ಹೆಸರುಗಳ ಹಿಂದೆ ಡೋಲು ಬಡಿದು ಕೊಟ್ಟ ಮಾತನ್ನು ಮಧ್ಯಂತರಕ್ಕೆ ಮುಂಚೆಯೇ ಮರೆತಿದ್ದರು. ಮುಗಿದಾಗ ದೀಪ ಹತ್ತಿತು, ಜನ ಎದ್ದರು, ಪೊರಕೆಯವಳು ಮುಂದಿನ ಸಾಲಿನಿಂದ ಗುಡಿಸುತ್ತ ಬಂದಳು. ನಮ್ಮಾಕೆ ಮಾತ್ರ ಏಳಲಿಲ್ಲ. ಒಂದು ಹೆಸರು ಪರದೆಯ ಬುಡದಲ್ಲಿ ಹುಟ್ಟಿ ತಲೆಯಲ್ಲಿ ಮರೆಯಾಗಲು 270 ಚೌಕಟ್ಟು, ಹನ್ನೊಂದು ಕಾಲು ಸೆಕೆಂಡು. ತಂಗಿಯ ಮಗನ ಹೆಸರು ಬಲಗಡೆಯ ಪಂಕ್ತಿಯಲ್ಲಿತ್ತು, ಯಾರೋ ವ್ಯಾನ್ ಚಾಲಕನ ಪಕ್ಕದಲ್ಲಿ. ಅಲ್ಲಾಡಲಿಲ್ಲ. ಒತ್ತು, ಸೀಳು ಎಲ್ಲ ನಿಚ್ಚಳ.

"ಚೆನ್ನಾಗಿ ಹೋಯ್ತು ಅಲ್ವೇನ್ರೀ," ಎಂದಳು. ಸಿನಿಮಾ ಅಲ್ಲ, ಪಟ್ಟಿ. ಪೊರಕೆಯವಳು ನಮ್ಮ ಕಾಲಬುಡಕ್ಕೆ ಬಂದು ನಿಂತಿದ್ದಳು. ನಾವು ಕಾಲು ಮೇಲೆತ್ತಿ ಕೂತೆವು. ಇನ್ನೂ 'ಧನಸಹಾಯ' ಬರುವುದಿತ್ತು.