ಕಿವಿಗೆ ಬರೆದ ಪಾಠಯೋಜನೆ

ನನ್ನ ಮನೆ ಸಂತೆಕಟ್ಟೆಯಲ್ಲಿ. ಇಂಟರ್ನ್‌ಶಿಪ್‌ಗೆ ಸಿಕ್ಕಿದ ಪ್ರೌಢಶಾಲೆ ಕಾರ್ಕಳದಲ್ಲಿ. ಬೆಳಿಗ್ಗೆ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು ಮಾರ್ಗವಾಗಿ ಕಾರ್ಕಳಕ್ಕೆ ಇನ್ನೊಂದು ಬಸ್ಸು. ಕಾಯುವ ಹೊತ್ತನ್ನೂ ಸೇರಿಸಿದರೆ ಹೋಗಲಿಕ್ಕೆ ಒಂದೂವರೆ ಗಂಟೆ, ಬರಲಿಕ್ಕೆ ಅಷ್ಟೇ. ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಬಿ.ಇಡಿ.ಯ ಎರಡನೆಯ ವರ್ಷದಲ್ಲಿ 16 ವಾರ ಶಾಲೆಯಲ್ಲಿರಬೇಕು. ವಾರಕ್ಕೆ ಆರು ದಿನದಂತೆ ಲೆಕ್ಕ ಹಾಕಿದರೆ ಬಸ್ಸಿನಲ್ಲೇ 288 ಗಂಟೆ. ಮನೆಗೆ ಮುಟ್ಟಿದ ಮೇಲೆ ಪಾಠಯೋಜನೆ ಬರೆಯಬೇಕು, ಚಾರ್ಟ್ ಮಾಡಬೇಕು, ಅದರ ನಡುವೆ ಸೆಮಿಸ್ಟರ್ ಪರೀಕ್ಷೆಯ ಓದೂ ಇದೆ. ಈ 288 ಗಂಟೆಯಲ್ಲಿ ಅರ್ಧವಾದರೂ ಕೆಲಸಕ್ಕೆ ಬರದಿದ್ದರೆ ನಿದ್ದೆಯನ್ನೇ ಕಡಿಮೆ ಮಾಡಬೇಕಿತ್ತು.

ಪುಸ್ತಕ ಬಿಡಿಸುವ ಹಾಗಿಲ್ಲ. ಪರ್ಕಳ ದಾಟಿದ ಮೇಲೆ ತಿರುವು, ಏರು, ಇಳಿತ. ಕಣ್ಣು ಪುಟದ ಮೇಲೆ ಅಲುಗಾಡದೆ ನಿಂತಿರುತ್ತದೆ, ಒಳಕಿವಿ ಮಾತ್ರ ಪ್ರತಿ ತಿರುವನ್ನೂ ಮೆದುಳಿಗೆ ಹೇಳುತ್ತಿರುತ್ತದೆ. ಈ ಎರಡು ಸುದ್ದಿ ತಾಳೆಯಾಗದೆ ಹೊಟ್ಟೆ ತೊಳೆಸುತ್ತದೆ. ಮೊಬೈಲಿನ ಪರದೆಗೂ ಇದೇ ಮಾತು. ಬೆಳಗಿನ ಬಸ್ಸಿನಲ್ಲಿ ಹೆಚ್ಚಿನ ದಿನ ಒಂದು ಕೈ ಮೇಲಿನ ಕಂಬಿಗೇ ಮೀಸಲು. ಹಾಗಾಗಿ ಉಳಿದದ್ದು ಕಿವಿ ಒಂದೇ.

ಕಿವಿಯಿಂದ ಓದುವುದು ಎಂದರೆ ಮೊದಲು ಹೊಳೆಯುವ ದಾರಿ ಪಾಠವನ್ನು ಪೂರ್ತಿ ಓದಿ ರೆಕಾರ್ಡ್ ಮಾಡಿ ಕೇಳುವುದು. ಕೇಳುವಾಗ ಎಲ್ಲವೂ ಗೊತ್ತಿದೆ ಎನ್ನಿಸುತ್ತದೆ, ತೊಂದರೆ ಇರುವುದೂ ಅಲ್ಲೇ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹತ್ತಿರದ್ದು. ಒಂದು ಗುಂಪು ಪಠ್ಯವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದೆ. ಮತ್ತೆ ಮತ್ತೆ ಕೇಳುವುದು ಮತ್ತೆ ಮತ್ತೆ ಓದಿದ ಹಾಗೆಯೇ. ಆದ್ದರಿಂದ ರೆಕಾರ್ಡಿಂಗಿನಲ್ಲಿ ಇರಬೇಕಾದ್ದು ವಿವರಣೆಗಿಂತ ಹೆಚ್ಚಾಗಿ ಪ್ರಶ್ನೆ, ಪ್ರಶ್ನೆಯ ನಂತರ ಖಾಲಿ ಜಾಗ, ಆಮೇಲೆ ಉತ್ತರ.

ಇದು ನಮ್ಮ ಶಾಲೆಗಳಿಗೆ ಹೊಸದಲ್ಲ. ಆಕಾಶವಾಣಿಯಲ್ಲಿ ಪ್ರಸಾರವಾಗುತ್ತಿದ್ದ ‘ಚಿನ್ನರ ಚುಕ್ಕಿ’ಯಂಥ ರೇಡಿಯೋ ಪಾಠಗಳ ಕ್ರಮವೂ ಇದೇ. ರೇಡಿಯೋ ಕೇಳುತ್ತದೆ, ಸುಮ್ಮನಾಗುತ್ತದೆ, ಮಕ್ಕಳು ಗಟ್ಟಿಯಾಗಿ ಉತ್ತರಿಸುತ್ತಾರೆ, ಆಮೇಲೆ ರೇಡಿಯೋ ಸರಿಯುತ್ತರ ಹೇಳುತ್ತದೆ. 1970ರ ದಶಕದಲ್ಲಿ ನಿಕರಾಗುವಾ ದೇಶದಲ್ಲಿ ಗಣಿತವನ್ನು ಹೀಗೆ ರೇಡಿಯೋದಲ್ಲಿ ಕಲಿಸಿದ ಮೇಲೆ ಈ ವಿಧಾನ ಬೇರೆ ದೇಶಗಳಿಗೂ ಹಬ್ಬಿತು. ನಾನು ಮಾಡಿದ್ದು ಇಷ್ಟೇ: ರೇಡಿಯೋವೂ ನಾನೇ, ಮಕ್ಕಳೂ ನಾನೇ.

ಹತ್ತನೆಯ ತರಗತಿಯ ‘ವಿದ್ಯುಚ್ಛಕ್ತಿ’ ಅಧ್ಯಾಯದಲ್ಲಿ ರೋಧಕಗಳ ಸಮಾಂತರ ಜೋಡಣೆಯನ್ನು ತೆಗೆದುಕೊಂಡು ಹೇಳುತ್ತೇನೆ. ಪುಸ್ತಕದಲ್ಲಿ ಮಂಡಲದ ಚಿತ್ರ ಇದೆ, ವ್ಯುತ್ಕ್ರಮಗಳನ್ನು ಕೂಡಿಸುವ ಸೂತ್ರ ಇದೆ. ಎರಡೂ ಕಿವಿಯಲ್ಲಿ ನಿಲ್ಲುವುದಿಲ್ಲ. ಒಂದರ ಕೆಳಗೆ ಇನ್ನೊಂದು ಬರೆದ ಭಿನ್ನರಾಶಿಯನ್ನು ಬಾಯಲ್ಲಿ ಹೇಳಿದರೆ ಮೂರನೆಯ ಪದಕ್ಕೆ ಬರುವಾಗ ಮೊದಲನೆಯದು ಜಾರಿರುತ್ತದೆ. ಹಾಗಾಗಿ ಚಿತ್ರವನ್ನು ನಡಿಗೆಯಾಗಿ ಹೇಳಬೇಕಾಯಿತು. “ಬ್ಯಾಟರಿಯ ಧನ ತುದಿಯಿಂದ ಹೊರಟೆ. ದಾರಿ ಎರಡಾಯಿತು, ಹೆದ್ದಾರಿ ಮತ್ತು ಸರ್ವಿಸ್ ರಸ್ತೆಯ ಹಾಗೆ. ಒಂದರಲ್ಲಿ ಆರು ಓಮ್, ಇನ್ನೊಂದರಲ್ಲಿ ಮೂರು ಓಮ್. ಮುಂದೆ ಎರಡೂ ಸೇರಿ ಋಣ ತುದಿಗೆ ಬಂದೆ.” ನಂತರ ಪ್ರಶ್ನೆಗಳು ಹೀಗೆ ಹೋಗುತ್ತವೆ:

“ಬ್ಯಾಟರಿ ಆರು ವೋಲ್ಟ್. ಆರು ಓಮ್ ಇರುವ ದಾರಿಗೆ ಸಿಗುವ ವಿಭವಾಂತರ ಎಷ್ಟು?” ನಾಲ್ಕು ಸೆಕೆಂಡ್ ಮೌನ. “ಪೂರ್ತಿ ಆರು ವೋಲ್ಟ್. ಆ ದಾರಿಯಲ್ಲಿ ಪ್ರವಾಹ?” ಎಂಟು ಸೆಕೆಂಡ್. “ಒಂದು ಆಂಪಿಯರ್. ಮೂರು ಓಮ್ ದಾರಿಯಲ್ಲಿ?” ಎಂಟು ಸೆಕೆಂಡ್. “ಎರಡು ಆಂಪಿಯರ್. ಬ್ಯಾಟರಿಯಿಂದ ಹೊರಟದ್ದು ಒಟ್ಟು?” ನಾಲ್ಕು ಸೆಕೆಂಡ್. “ಮೂರು ಆಂಪಿಯರ್. ಹಾಗಾದರೆ ಬ್ಯಾಟರಿಯ ಪಾಲಿಗೆ ಇಡೀ ಮಂಡಲ ಎಷ್ಟು ಓಮಿನದು?” ಹತ್ತು ಸೆಕೆಂಡ್. “ಎರಡು ಓಮ್.” ಕೊನೆಗೆ ಒಂದು ದೊಡ್ಡ ಪ್ರಶ್ನೆ: “ಇದ್ದ ರೋಧಕಗಳಲ್ಲಿ ಚಿಕ್ಕದೇ ಮೂರು. ಒಟ್ಟು ರೋಧ ಅದಕ್ಕಿಂತಲೂ ಕಡಿಮೆ ಆದದ್ದು ಯಾಕೆ? ಹತ್ತನೆಯ ತರಗತಿಯ ಹುಡುಗಿಗೆ ಹೇಳು.” ಇದಕ್ಕೆ ಅರ್ಧ ನಿಮಿಷ.

ಸೂತ್ರ ಇಲ್ಲದೆಯೇ ಉತ್ತರ ಬಂತು ಎಂಬುದನ್ನು ಗಮನಿಸಿ. ಕಾಗದ ಇದ್ದಿದ್ದರೆ ನಾನು ವ್ಯುತ್ಕ್ರಮ ಕೂಡಿಸಿ, ಲಸಾಅ ತೆಗೆದು ಎರಡು ಎಂದು ಬರೆಯುತ್ತಿದ್ದೆ. ಕಾಗದ ಇಲ್ಲದ್ದರಿಂದ ಪ್ರವಾಹದ ಬೆನ್ನು ಹಿಡಿಯಬೇಕಾಯಿತು. ‘ದಾರಿ ಹೆಚ್ಚಾದರೆ ಹೆಚ್ಚು ಪ್ರವಾಹ ಹೋಗುತ್ತದೆ, ಆದ್ದರಿಂದ ರೋಧ ಕಡಿಮೆ’ ಎಂಬುದು ಆಗ ತಾನಾಗಿ ಬಂತು. ತರಗತಿಯಲ್ಲಿಯೂ ಸೂತ್ರಕ್ಕಿಂತ ಮೊದಲು ಇದೇ ದಾರಿಯಲ್ಲಿ ಹೋದೆ.

ಮೌನದ ಉದ್ದವನ್ನು ಗಡಿಯಾರ ನೋಡಿ ಅಳೆಯುವುದಿಲ್ಲ. ರೆಕಾರ್ಡ್ ಮಾಡುವಾಗ ಮನಸ್ಸಿನಲ್ಲಿ ನಾನೇ ಉತ್ತರ ಹೇಳಿಕೊಳ್ಳುತ್ತೇನೆ, ಮತ್ತೆ ಎರಡು ಸೆಕೆಂಡ್ ಸೇರಿಸುತ್ತೇನೆ. ಬಸ್ಸಿನಲ್ಲಿ ನಿಂತವಳ ತಲೆ ಮನೆಯಲ್ಲಿ ಕೂತವಳ ತಲೆಗಿಂತ ನಿಧಾನ.

ಕಿವಿಗೆ ಬರೆಯುವಾಗ ಮಾತ್ರ ಗೊತ್ತಾಗುವ ಒಂದು ತೊಡಕನ್ನು ಇಲ್ಲಿ ಹೇಳಬೇಕು. ರೋಧದ ಸಂಕೇತ R. ಅದನ್ನು ಓದಿದರೆ ‘ಆರ್’. ‘ಆರ್ ಆರು’ ಎಂದರೆ ಎಂಜಿನ್ ಸದ್ದಿನ ನಡುವೆ ಯಾವುದು ಸಂಕೇತ, ಯಾವುದು ಸಂಖ್ಯೆ? I ಎಂದರೆ ‘ಐ’, ಅದರ ಪಕ್ಕದಲ್ಲೇ ‘ಐದು’ ಬಂದರೆ ಅದೇ ಕಥೆ. ಹಾಗಾಗಿ ಕಿವಿಯ ಪಾಠದಲ್ಲಿ ಸಂಕೇತಗಳೇ ಇಲ್ಲ. ರೋಧ, ಪ್ರವಾಹ, ವಿಭವಾಂತರ ಎಂದು ಪೂರ್ತಿ ಹೆಸರು, ಸಂಖ್ಯೆಯ ಜೊತೆ ಕಡ್ಡಾಯವಾಗಿ ಏಕಮಾನ. ತರಗತಿಯ ಹಿಂದಿನ ಬೆಂಚಿಗೂ ‘ಆರ್’ ಮತ್ತು ‘ಆರು’ ಒಂದೇ ಥರ ಕೇಳುತ್ತದೆ ಎಂದು ನನ್ನ ಅನುಮಾನ.

ಈಗ ದಾರಿಯ ಹಂಚಿಕೆ. ಬಸ್ಸಿನಲ್ಲಿ ಪರದೆ ನೋಡಬಾರದು, ಚೀಟಿ ಇರಬಾರದು ಎಂದಾದರೆ ವೇಳಾಪಟ್ಟಿಯನ್ನು ಯಾವುದಕ್ಕಾದರೂ ಕಟ್ಟಿಹಾಕಬೇಕು. ನಾನು ಅದನ್ನು ಸ್ಟಾಪುಗಳಿಗೆ ಕಟ್ಟಿದೆ. ಸಂತೆಕಟ್ಟೆಯಿಂದ ಉಡುಪಿಯವರೆಗೆ ಕಿವಿ ಖಾಲಿ. ನಿನ್ನೆಯ ಪ್ರಶ್ನೆಗಳಲ್ಲಿ ಯಾವುದು ನೆನಪಿದೆ ಎಂದು ಸುಮ್ಮನೆ ಹುಡುಕುವ ಹೊತ್ತು ಅದು. ಉಡುಪಿಯಿಂದ ಮಣಿಪಾಲದವರೆಗೆ ವಿದ್ಯಾರ್ಥಿಗಳ ನೂಕುನುಗ್ಗಲು, ಕಂಡಕ್ಟರರ ಟಿಕೇಟು, ಚಿಲ್ಲರೆ. ಅಲ್ಲಿ ಏನೂ ಇಲ್ಲ, ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪರ್ಕಳದಿಂದ ಹಿರಿಯಡ್ಕದವರೆಗೆ ಹೊಸ ಪ್ರಶ್ನೆಗಳು. ಒಂದು ದಿನಕ್ಕೆ ಐದೇ. ಹಿರಿಯಡ್ಕದಿಂದ ಬೈಲೂರಿನವರೆಗೆ ಅವೇ ಐದು, ಕ್ರಮ ತಪ್ಪಿಸಿ, ಹಳೆಯ ಎರಡು ಮೂರರ ಜೊತೆ. ಬೈಲೂರಿನ ನಂತರ ಇಯರ್‌ಫೋನ್ ಚೀಲದೊಳಗೆ. ಕಾರ್ಕಳದವರೆಗೆ ಆ ದಿನದ ಪಾಠವನ್ನು ಪೀಠಿಕೆಯಿಂದ ಮೌಲ್ಯಮಾಪನದವರೆಗೆ ಮನಸ್ಸಿನಲ್ಲೇ ಒಮ್ಮೆ ನಡೆಸುತ್ತೇನೆ. ಸಂಜೆ ಬರುವಾಗ ಅದೇ ಕಡತ ಇನ್ನೊಮ್ಮೆ, ಆಮೇಲೆ ಕಣ್ಣು ಮುಚ್ಚಿದರೂ ಪರವಾಗಿಲ್ಲ.

ಪ್ರಶ್ನೆ ಎಷ್ಟು ಹೊತ್ತಿನ ನಂತರ ಮರಳಬೇಕು ಎಂಬುದಕ್ಕೆ ಪಾಲ್ ಪಿಮ್ಸ್ಲರ್ 1967ರಲ್ಲಿ ಭಾಷಾ ಕಲಿಕೆಗಾಗಿ ಸೂಚಿಸಿದ ಅಂತರಗಳು ನನಗೆ ಅಳತೆಗೋಲಾದವು: 5 ಸೆಕೆಂಡ್, 25 ಸೆಕೆಂಡ್, 2 ನಿಮಿಷ, 10 ನಿಮಿಷ, 1 ಗಂಟೆ, 5 ಗಂಟೆ, 1 ದಿನ, ಹೀಗೆ ಬೆಳೆಯುತ್ತಾ ಹೋಗುತ್ತವೆ. ಇದನ್ನು ಅಕ್ಷರಶಃ ಪಾಲಿಸುವುದು ಬಸ್ಸಿನಲ್ಲಿ ಆಗದ ಕೆಲಸ. ಆದರೆ ಹಿರಿಯಡ್ಕ, ಸಂಜೆ, ಮರುದಿನ ಬೆಳಿಗ್ಗೆಯ ಖಾಲಿ ಕಿವಿ, ಈ ಮೂರು ನಿಲುಗಡೆ ಅದರ ಸ್ವಭಾವಕ್ಕೆ ಹತ್ತಿರವೇ.

ಎಲ್ಲಿ ಕೆಡುತ್ತದೆ ಎಂಬುದಕ್ಕೂ ಗುರುತುಗಳಿವೆ. ಮೌನದಲ್ಲಿ ತುಟಿ ಅಲುಗಾಡದೆ, ರೆಕಾರ್ಡಿನ ಉತ್ತರ ಬಂದಾಗ ‘ಹೌದಲ್ಲ, ಅದೇ’ ಎಂದು ಅನ್ನಿಸಿದರೆ ಅದು ಕೇಳುವಿಕೆಗೆ ಜಾರಿದೆ ಎಂದರ್ಥ. ಉತ್ತರ ನನ್ನ ಬಾಯಲ್ಲಿ ಮೊದಲು ಬರಬೇಕು, ತಪ್ಪಾದರೂ ಸರಿ. ಇನ್ನೊಂದು ಗುರುತು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುವುದು. ಆಗ ನೆನಪಿರುವುದು ಭೌತಶಾಸ್ತ್ರ ಅಲ್ಲ, ನನ್ನ ಧ್ವನಿಯ ಏರಿಳಿತ. ನಾಲ್ಕನೆಯ ದಿನಕ್ಕೆ ಇದು ಖಂಡಿತ ಬರುತ್ತದೆ. ಸಂಖ್ಯೆಗಳನ್ನು ಬದಲಿಸಿ ಹೊಸದಾಗಿ ರೆಕಾರ್ಡ್ ಮಾಡುವುದೊಂದೇ ಉಪಾಯ. ಹನ್ನೆರಡು ವೋಲ್ಟ್, ಹನ್ನೆರಡು ಮತ್ತು ಆರು ಓಮ್ ಎಂದರೆ ಮತ್ತೆ ತಲೆ ಓಡಿಸಲೇಬೇಕು. (ಉತ್ತರ ನಾಲ್ಕು ಓಮ್.)

ಧ್ವನಿಯ ಮಟ್ಟವನ್ನು ಮನೆಯಲ್ಲೇ ನಿಗದಿ ಮಾಡಿ ಹೊರಡುತ್ತೇನೆ. ಬಸ್ಸಿನ ಸದ್ದಿನ ಮೇಲೆ ಕೇಳಬೇಕೆಂದು ಏರಿಸುತ್ತಾ ಹೋದರೆ ಮಿತಿ ಇರುವುದಿಲ್ಲ. ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಬಸ್ಸಿನಲ್ಲಿ ಹಾಡು ಜೋರಾಗಿದ್ದ ದಿನ ಕಡತ ನಿಲ್ಲಿಸಿ ಖಾಲಿ ಕಿವಿಯ ಕೆಲಸವನ್ನೇ ಮುಂದುವರಿಸುತ್ತೇನೆ. ಒಂದು ಕಿವಿ ಯಾವಾಗಲೂ ಹೊರಗೆ. ತಡೆದು ಮುಂದುವರಿಸುವುದು ಇಯರ್‌ಫೋನಿನ ತಂತಿಯಲ್ಲಿರುವ ಗುಂಡಿಯಿಂದ, ಫೋನು ಚೀಲದಿಂದ ಹೊರಬರುವುದೇ ಇಲ್ಲ. ಗಟ್ಟಿಯಾಗಿ ಉತ್ತರಿಸುವ ಹಾಗಿಲ್ಲದ್ದರಿಂದ ತುಟಿ ಮಾತ್ರ ಅಲುಗಾಡುತ್ತದೆ. ಜೊತೆಗೆ ಬರುವ ಗೆಳತಿ ಮೊದಲ ವಾರ ಕೇಳಿದಳು, “ಎಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ಜಪವಾ?” ಈಗ ಬೈಲೂರು ಬಂದಾಗ ಅವಳೇ ನನಗೆ ನೆನಪಿಸುತ್ತಾಳೆ.

ತರಗತಿಗೆ ಇದರಿಂದ ಬಂದದ್ದು ನಾನು ಎಣಿಸದ ಒಂದು ಸಂಗತಿ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಪರಿಶೀಲಿಸಿ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರಿಸದೆ ಉಳಿಯುವವರು ಕಡಿಮೆಯಾಗುತ್ತಾರೆ ಎಂದು 1970ರ ದಶಕದಲ್ಲಿ ತೋರಿಸಿದರು. ಇದನ್ನು ನಾವು ಸೂಕ್ಷ್ಮಬೋಧನೆಯ ಹೊತ್ತಿಗೇ ಓದಿರುತ್ತೇವೆ. ಆದರೆ ಎಂಟು ಸೆಕೆಂಡ್ ಎಷ್ಟು ಉದ್ದ ಎಂದು ನನ್ನ ಮೈಗೆ ತಿಳಿದದ್ದು ಬಸ್ಸಿನಲ್ಲಿ, ಉತ್ತರ ಹುಡುಕುವವಳ ಜಾಗದಲ್ಲಿ ನಿಂತು. ಸಮಾಂತರ ಜೋಡಣೆಯ ಪಾಠದ ದಿನ ‘ಯಾಕೆ ಕಡಿಮೆ ಆಯಿತು?’ ಎಂದು ಕೇಳಿ ಸುಮ್ಮನೆ ನಿಂತೆ. ಮಾರ್ಗದರ್ಶಕ ಮೇಡಂ ಹಿಂದೆ ಕೂತು ವೀಕ್ಷಣಾ ಹಾಳೆಯಿಂದ ತಲೆ ಎತ್ತಿ ನೋಡಿದರು. ಮೂರನೆಯ ಬೆಂಚಿನ, ಅಲ್ಲಿಯವರೆಗೆ ಬಾಯಿ ಬಿಡದ ಹುಡುಗಿ ಎದ್ದು, “ಟೀಚರ್, ಎರಡು ಬಾಗಿಲು ತೆಗೆದರೆ ಬೇಗ ಖಾಲಿಯಾಗ್ತದಲ್ಲ, ಹಾಗೆ” ಎಂದಳು. ಸರ್ವಿಸ್ ರಸ್ತೆಗಿಂತ ಅವಳ ಉದಾಹರಣೆ ಒಳ್ಳೆಯದಿತ್ತು. ಅಂದು ರಾತ್ರಿಯ ರೆಕಾರ್ಡಿಗೆ ಅದನ್ನೇ ಸೇರಿಸಿದೆ.

ಮುಂದಿನ ವಾರ ‘ಬೆಳಕು’ ಅಧ್ಯಾಯ. ಗೋಳೀಯ ದರ್ಪಣದ ಕಿರಣ ಚಿತ್ರಗಳು ಕಿವಿಗೆ ಬರುವುದಿಲ್ಲ. ವಸ್ತುವಿನ ಆರು ಸ್ಥಾನಗಳಿಗೆ ಪ್ರತಿಬಿಂಬ ಎಲ್ಲಿ, ಎಷ್ಟು ದೊಡ್ಡದು ಎಂಬ ಪ್ರಶ್ನೋತ್ತರ ಬಂದೀತು, ಆದರೆ ಸ್ಕೇಲ್ ಇಟ್ಟು ಎಳೆಯುವ ಕೈಯ ಅಭ್ಯಾಸ ಬಾರದು. ಅದಕ್ಕೆ ಮಧ್ಯಾಹ್ನದ ಊಟದ ನಂತರ ಶಾಲೆಯ ಖಾಲಿ ಕಪ್ಪುಹಲಗೆಯ ಮುಂದೆ ಹದಿನೈದು ನಿಮಿಷ ಬೇಕು. ಮುಖ್ಯೋಪಾಧ್ಯಾಯರ ಹತ್ತಿರ ಕೇಳಿಟ್ಟಿದ್ದೇನೆ.