ಏಳು ನಿಮಿಷದ ಕಾಲ್, ನಾಲ್ಕು ಸಾಲಿನ ದೂರು

ತೊರವಿಯಲ್ಲಿರುವ ಅಪ್ಪನ ಸಿಮ್‌ನಿಂದ, ಕೇಳದೇ ಇದ್ದ ಕಾಲರ್ ಟ್ಯೂನ್‌ಗೆ 49 ರೂಪಾಯಿ ಕಟ್ ಆಗಿತ್ತು. ಕಸ್ಟಮರ್ ಕೇರ್ ಜತೆ ಅವರು ಮಾತಾಡಿದ್ದು ಫೋನಿನಲ್ಲೇ ರೆಕಾರ್ಡ್ ಆಗಿತ್ತು. ಕೂತು ಪೂರ್ತಿ ಬರೆದುಕೊಂಡೆ. ಏಳು ನಿಮಿಷದಲ್ಲಿ ಹೆಚ್ಚಿನದು ಸಿಟ್ಟೇ: ‘ನಾ ಹಾಕ್ಸಿಲ್ರೀ, ರೊಕ್ಕ ಯಾಕ ಹೋತು?’

‘ಚೆಕ್ ಮಾಡ್ತೀವಿ ಸರ್’ ಅನ್ನೋದು ಭರವಸೆಯಲ್ಲ, ಬಿಟ್ಟೆ. ‘72 ಗಂಟೆಯೊಳಗೆ ವಾಪಸ್ ಬರುತ್ತೆ ಸರ್’ ಅನ್ನೋದು ಭರವಸೆ. ಪತ್ರದಲ್ಲಿ ಅದನ್ನೇ ಹಿಡಿದೆ: ‘ಮಾರ್ಚ್ 3, ಬೆಳಿಗ್ಗೆ 11.20ರ ಕರೆ, ಐದನೇ ನಿಮಿಷ. 72 ಗಂಟೆಯೊಳಗೆ ವಾಪಸ್ ಎಂದಿರಿ. ಗಡುವು ಮಾರ್ಚ್ 6ಕ್ಕೆ ಮುಗಿಯಿತು. ಇಂದು 12, ಹಣ ಬಂದಿಲ್ಲ.’

ಜತೆಗೆ ಎಸ್‌ಎಂಎಸ್‌ನಲ್ಲಿ ಬಂದಿದ್ದ ದೂರಿನ ಡಾಕೆಟ್ ನಂಬರ್ ಹಾಕಿದೆ. ಮುಂದಿನ ಮೆಟ್ಟಿಲಿಗೆ ಅದೇ ಆಧಾರ. ಟ್ರಾಯ್‌ನ 2012ರ ನಿಯಮದಂತೆ, ಗಡುವು ಮೀರಿದ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನವಾಗಬೇಕು. ಪತ್ರ ಅಲ್ಲಿಗೇ ಕಳಿಸಿದ್ದೇನೆ. ರೆಕಾರ್ಡಿಂಗ್ ಡಿಲೀಟ್ ಮಾಡಿಲ್ಲ.